ಎಸೆಗೋಲಿನ ಲೆಕ್ಕ: ಅಟ್ಲಾಟ್ಲ್ ಈಟಿಗೆ ವೇಗ ಎಲ್ಲಿಂದ ಬರುತ್ತದೆ, ಬಯಲಲ್ಲಿ ಅಳೆದು ನೋಡುವುದು ಹೇಗೆ

ಈಟಿಯನ್ನು ಜೋರಾಗಿ ಎಸೆಯಲು ಕೈಯಲ್ಲಿ ಹಿಡಿಯುವ ಎಸೆಗೋಲೇ ಅಟ್ಲಾಟ್ಲ್. ಅದರ ಬಗ್ಗೆ ಬರೆದಾಗಲೆಲ್ಲ ಓದುಗರು ಒಂದೇ ಪ್ರಶ್ನೆ ಕೇಳುತ್ತಾರೆ. "ಒಂದು ಮೊಳದ ಕೋಲು ಸೇರಿಸಿದ ಮಾತ್ರಕ್ಕೆ ಈಟಿ ಅಷ್ಟು ದೂರ ಹೇಗೆ ಹೋಗುತ್ತೆ? ಕೈಯ ಬಲ ಅಷ್ಟೇ ತಾನೇ ಇರೋದು?" ಸರಿಯಾದ ಪ್ರಶ್ನೆಯೇ. ಕೋಲಿಗೆ ಸ್ವಂತ ಬಲ ಇಲ್ಲ. ಹಾಗಾದರೆ ಜಾಸ್ತಿ ವೇಗ ಎಲ್ಲಿಂದ ಬಂತು? ಈ ಲೇಖನದಲ್ಲಿ ಒಂದು ಎಸೆಗೋಲು, ಒಂದು ಈಟಿ ಮಾಡಿ, ಮೊಬೈಲ್‌ನಲ್ಲಿ ವೇಗ ಅಳೆದು, ಉತ್ತರವನ್ನು ನೀವೇ ಕಂಡುಕೊಳ್ಳುವ ದಾರಿ ಹೇಳುತ್ತೇನೆ.

ಮೊದಲು ಹೆಸರುಗಳು. ಅಟ್ಲಾಟ್ಲ್ ಎನ್ನುವುದು ಮೆಕ್ಸಿಕೋದ ಅಜ್ಟೆಕ್ ಜನರ ನಹುವಾಟಲ್ ಭಾಷೆಯ ಮಾತು. ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಇಂಥದ್ದೇ ಸಾಧನಕ್ಕೆ ವೂಮೆರಾ ಎನ್ನುತ್ತಾರೆ. ನಮಗೆ ಸಿಕ್ಕಿರುವ ಅತಿ ಹಳೆಯ ತುಣುಕು ಫ್ರಾನ್ಸಿನ ಕೋಂಬ್ ಸೋನಿಯೇರ್ ಎಂಬಲ್ಲಿನದು. ಸುಮಾರು 17,500 ವರ್ಷ ಹಳೆಯದಾದ, ಹಿಮಸಾರಂಗದ ಕೊಂಬಿನಲ್ಲಿ ಕೆತ್ತಿದ ಕೊಕ್ಕೆ ಅದು. ಮರದ ಕೋಲು ಮಣ್ಣಲ್ಲಿ ಕೊಳೆಯುತ್ತದೆ, ಕೊಂಬು ಉಳಿಯುತ್ತದೆ. ಹಾಗಾಗಿ ಇದಕ್ಕಿಂತ ಹಿಂದೆ ಎಸೆಗೋಲು ಇರಲಿಲ್ಲ ಅಂತ ಮಾತ್ರ ತಿಳಿಯಬೇಡಿ.

ಇಡೀ ಸಾಧನದಲ್ಲಿ ಎರಡೇ ವಸ್ತು. ಒಂದು, ತುದಿಯಲ್ಲಿ ಪುಟ್ಟ ಕೊಕ್ಕೆ ಇರುವ ಎಸೆಗೋಲು. ಇನ್ನೊಂದು, ಹಿಂಬದಿಯಲ್ಲಿ ಸಣ್ಣ ಗುಳಿ ಇರುವ ತೆಳ್ಳನೆಯ, ಉದ್ದನೆಯ ಈಟಿ. ಕೊಕ್ಕೆ ಗುಳಿಯಲ್ಲಿ ಕೂರುತ್ತದೆ. ಈಟಿ ಕೋಲಿನ ಮೇಲೆ ಮಲಗುತ್ತದೆ. ಎಸೆದಾಗ ಕೋಲು ಕೈಯಲ್ಲೇ ಉಳಿಯುತ್ತದೆ, ಈಟಿ ಮಾತ್ರ ಹೋಗುತ್ತದೆ.

ಬೇಕಾಗುವ ಸಾಮಾನು

ಬಡಗಿಯ ಹತ್ತಿರ ಸಿಗುವ ತೇಗದ ಪಟ್ಟಿ ಒಂದು: 65 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, 1.2 ಸೆಂ.ಮೀ. ದಪ್ಪ. ನೇರವಾದ, ಚೆನ್ನಾಗಿ ಒಣಗಿದ ಬಿದಿರ ಕೋಲು ಎರಡು: 1.8 ಮೀಟರ್ ಉದ್ದ, ಹೆಚ್ಚುಕಡಿಮೆ ಕಿರುಬೆರಳಿನ ದಪ್ಪ, ಅಂದರೆ 12 ಮಿ.ಮೀ. ಜೊತೆಗೆ ಗಟ್ಟಿ ನೂಲು, ಮರದ ಅಂಟು, ಎರಡು ಮೂರು ದೊಡ್ಡ ಗರಿ, ಊರುಗೋಲಿನ ತುದಿಗೆ ಹಾಕುವ ರಬ್ಬರ್ ಬುಶ್, ತೂಕ ನೋಡುವ ತಕ್ಕಡಿ, ಸ್ಲೋಮೋಷನ್ ಇರುವ ಮೊಬೈಲ್.

ರಬ್ಬರ್ ಬುಶ್ ಕಡ್ಡಾಯ. ಮೊನೆ ಬೇಡ. ಈ ಈಟಿ ಆಟದ ಸಾಮಾನಲ್ಲ, ಮುಂದೆ ಲೆಕ್ಕದಲ್ಲೇ ನೋಡುತ್ತೀರಿ. ಎದುರಿಗೆ 100 ಮೀಟರ್ ಖಾಲಿ ಬಯಲು ಇರಬೇಕು. ಯಾರೂ ಎಸೆಯುವವರ ಮುಂದೆಯಾಗಲಿ, ಕೋಲು ಬೀಸುವಷ್ಟು ಹತ್ತಿರವಾಗಲಿ ನಿಲ್ಲಬಾರದು. ಯಾವ ಪ್ರಾಣಿಯ ಮೇಲೂ ಎಸೆಯಬೇಡಿ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಪರಾಧ.

ಹಂತ 1: ಬರಿಗೈಯ ಮಿತಿಯನ್ನು ಮೊದಲು ನೋಡಿ

ಏನೂ ಮಾಡುವ ಮೊದಲು ಎರಡು ವಸ್ತು ಎಸೆಯಿರಿ. ಒಂದು ಕ್ರಿಕೆಟ್ ಚೆಂಡು, ಇನ್ನೊಂದು ನೆಲ್ಲಿಕಾಯಿ ಗಾತ್ರದ ಕಲ್ಲು. ಕಲ್ಲಿನ ತೂಕ ಚೆಂಡಿನ ಹತ್ತನೇ ಒಂದು ಭಾಗ ಇದ್ದರೂ ಹತ್ತು ಪಟ್ಟು ಜೋರಾಗಿ ಹೋಗುವುದಿಲ್ಲ, ಅಲ್ವಾ? ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಹೋಗುತ್ತದೆ.

ಕಾರಣ ನಿಮ್ಮ ತೋಳು. ತೋಳಿನ ತೂಕ ಕೆಲವು ಕಿಲೋ. ಎಸೆಯುವಾಗ ಸ್ನಾಯುಗಳು ಮುಖ್ಯವಾಗಿ ಆ ತೋಳನ್ನೇ ಓಡಿಸುತ್ತವೆ. ಕೈಯಲ್ಲಿರುವ ವಸ್ತು ಎಷ್ಟೇ ಹಗುರ ಇರಲಿ, ಅಂಗೈಗಿಂತ ಹೆಚ್ಚು ವೇಗ ಅದಕ್ಕೆ ಸಿಗುವುದಿಲ್ಲ. ಹಗುರ ವಸ್ತು ಹೊರಟು ಹೋದ ಮೇಲೆ ತೋಳಿನಲ್ಲಿದ್ದ ಶಕ್ತಿಯೆಲ್ಲ ಸುಮ್ನೆ ವ್ಯರ್ಥ. ಭುಜ ಅದನ್ನು ಹಿಡಿದು ನಿಲ್ಲಿಸಬೇಕು. ಹಗುರ ವಸ್ತುವನ್ನು ಜೋರಾಗಿ ಎಸೆದರೆ ಭುಜ ನೋಯುವುದು ಅದಕ್ಕೇ.

ಬೆಟ್ಟ ಹತ್ತುವ ಗೇರಿನಲ್ಲೇ ಸಮತಟ್ಟು ರಸ್ತೆಯಲ್ಲಿ ಸೈಕಲ್ ತುಳಿದ ಹಾಗೆ ಇದು. ಕಾಲು ಗಿರಗಿರ ತಿರುಗುತ್ತದೆ, ಸೈಕಲ್ ಮಾತ್ರ ಮುಂದೆ ಹೋಗುವುದಿಲ್ಲ. ಎಸೆಗೋಲು ಮಾಡುವುದು ಗೇರ್ ಬದಲಿಸುವ ಕೆಲಸ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಅದರ ವಿವರ.

ಹಂತ 2: ಎಸೆಗೋಲು ಮಾಡಿ

ಪಟ್ಟಿಯ ಒಂದು ತುದಿಯಲ್ಲಿ 12 ಸೆಂ.ಮೀ. ಹಿಡಿ. ಅದಕ್ಕೆ ನೂಲು ಸುತ್ತಿ. ಇನ್ನೊಂದು ತುದಿಯಲ್ಲಿ 1 ಸೆಂ.ಮೀ. ಎತ್ತರದ ಕೊಕ್ಕೆ. ಬಿದಿರ ಗೂಟ ಕೆತ್ತಿ, ಅಂಟಿಸಿ, ನೂಲಿನಿಂದ ಬಿಗಿಯಾಗಿ ಕಟ್ಟಿದರೆ ಸಾಕು. ಕೊಕ್ಕೆಯ ತುದಿ ಹಿಡಿಯ ಕಡೆಗೆ ಸ್ವಲ್ಪ ಬಾಗಿರಲಿ. ಹಿಡಿಯಿಂದ ಕೊಕ್ಕೆಯ ಕಡೆಗೆ ಹೋಗುತ್ತಾ ಪಟ್ಟಿಯನ್ನು ಸಣ್ಣಗೆ ಕೆತ್ತಿಕೊಂಡು ಹೋಗಿ. ಕೊಕ್ಕೆಯ ತುದಿ ಹಗುರ ಇದ್ದಷ್ಟೂ ಒಳ್ಳೆಯದು. ಅಂಗೈಯಿಂದ ಕೊಕ್ಕೆಗೆ ಸುಮಾರು 50 ಸೆಂ.ಮೀ. ಇರಬೇಕು.

"ಒಂದು ಮೀಟರ್ ಉದ್ದ ಮಾಡಿದರೆ ಎರಡು ಪಟ್ಟು ವೇಗ ಬರಲ್ವಾ?" ಇದು ಎಲ್ಲರೂ ಬೀಳುವ ಹಳ್ಳ. ಬರುವುದಿಲ್ಲ. ಎರಡು ಕಾರಣ.

ಮೊದಲನೆಯದು, ಕೋಲನ್ನು ತಿರುಗಿಸಲೇ ಬೇಕಾಗುವ ಬಲ. ಅದೇ ದಪ್ಪದ ಕೋಲಿನ ಉದ್ದ ಎರಡು ಪಟ್ಟಾದರೆ ತೂಕ ಎರಡು ಪಟ್ಟು. ಆದರೆ ಆ ತೂಕ ಕೈಯಿಂದ ದೂರ ಹೋದದ್ದಕ್ಕೆ ಇನ್ನೂ ನಾಲ್ಕು ಪಟ್ಟು ಸೇರುತ್ತದೆ. ಒಟ್ಟು ಎಂಟು ಪಟ್ಟು ಕಷ್ಟ. ಬರೀ 50ರಿಂದ 80 ಸೆಂ.ಮೀ.ಗೆ ಹೋದರೂ ನಾಲ್ಕು ಪಟ್ಟು. ಪೊರಕೆಯನ್ನು ಹಿಡಿಯ ಕಡೆ ಹಿಡಿದು ಬೀಸುವುದಕ್ಕೂ ಮಧ್ಯದಲ್ಲಿ ಹಿಡಿದು ಬೀಸುವುದಕ್ಕೂ ಇರುವ ವ್ಯತ್ಯಾಸ ಇದೇ.

ಎರಡನೆಯದು ಮಣಿಕಟ್ಟು. ಈಟಿ ಕೊಕ್ಕೆಯನ್ನು ಹಿಂದಕ್ಕೆ ಒತ್ತುತ್ತಿರುತ್ತದೆ. ಆ ಒತ್ತಡ ಮಣಿಕಟ್ಟಿಗೆ ಬರುವಾಗ ಕೋಲಿನ ಉದ್ದದಿಂದ ಗುಣಿಸಿಕೊಂಡು ಬರುತ್ತದೆ. ಇದಕ್ಕೆ ತಿರುಚುಬಲ ಎನ್ನೋಣ. ನಲ್ಲಿ ಬಿಚ್ಚುವ ಪಾನಾ ಉದ್ದ ಇದ್ದರೆ ನಮಗೆ ಲಾಭ. ಇಲ್ಲಿ ತಲೆಕೆಳಗು: ಉದ್ದದ ತುದಿಯಲ್ಲಿ ಕೂತಿರುವುದು ಈಟಿ, ಗಿಡ್ಡ ಕಡೆ ಇರುವವರು ನಾವು. ಕೋಲು ಉದ್ದವಾದಷ್ಟೂ ಈಟಿಯ ಕೈ ಮೇಲಾಗುತ್ತದೆ, ಮಣಿಕಟ್ಟು ಸೋಲುತ್ತದೆ. ಸೋತದ್ದು ಗೊತ್ತಾಗುವುದು ಸುಲಭ. ಕೋಲು ತಡವಾಗಿ ತಿರುಗುತ್ತದೆ, ಈಟಿ ಆಕಾಶ ನೋಡಿಕೊಂಡು ಮೇಲಕ್ಕೆ ಹೋಗುತ್ತದೆ.

ನಂಬಿಕೆ ಬಾರದಿದ್ದರೆ 35, 50, 80 ಸೆಂ.ಮೀ.ನ ಮೂರು ಕೋಲು ಮಾಡಿ. ಮುಂದಿನ ಹಂತಗಳಲ್ಲಿ ಮೂರನ್ನೂ ಅಳೆಯಿರಿ. ಹೆಚ್ಚಿನವರಿಗೆ ಮಧ್ಯದ್ದೇ ಹೊಂದುತ್ತದೆ.

ಹಂತ 3: ಈಟಿ ಮಾಡಿ, ಅದು ಬಾಗುತ್ತದೆಯೇ ನೋಡಿ

ಬಿದಿರಿನ ದಪ್ಪ ತುದಿ ಮುಂದೆ, ಸಣ್ಣ ತುದಿ ಹಿಂದೆ. ಹಿಂದಿನ ತುದಿಯ ಟೊಳ್ಳೇ ಕೊಕ್ಕೆ ಕೂರುವ ಗುಳಿ. ಅದು ಸೀಳದಂತೆ ಹೊರಗಡೆ ನೂಲು ಸುತ್ತಿ ಅಂಟು ಹಚ್ಚಿ. ಗುಳಿ ಅರ್ಧ ಸೆಂ.ಮೀ.ಗಿಂತ ಆಳ ಬೇಡ. ಜಾಸ್ತಿ ಟೊಳ್ಳಿದ್ದರೆ ಒಳಗೆ ಸ್ವಲ್ಪ ಬೆಂಡು ತುಂಬಿ. ಆಳ ಹೆಚ್ಚಾದರೆ ಕೊಕ್ಕೆ ಬಿಡುವುದೇ ಇಲ್ಲ, ಈಟಿ ನಿಮ್ಮ ಕಾಲ ಮುಂದೆಯೇ ನೆಲಕ್ಕೆ ಹೊಡೆಯುತ್ತದೆ. ನನ್ನ ಮೊದಲ ಈಟಿ ಹೀಗೇ ಮುರಿದದ್ದು.

ಹಿಂಬದಿಗೆ ಗರಿ ಕಟ್ಟಿ, ಮುಂದೆ ರಬ್ಬರ್ ಬುಶ್ ಹಾಕಿ. ಈಗ ಒಂದು ಬೆರಳ ಮೇಲೆ ಇಟ್ಟು ಸಮತೋಲದ ಜಾಗ ನೋಡಿ. ಅದು ಮಧ್ಯಕ್ಕಿಂತ ಮುಂದಿರಬೇಕು, ಮುಂದಿನ ತುದಿಯಿಂದ 75ರಿಂದ 80 ಸೆಂ.ಮೀ.ನಲ್ಲಿ. ತೂಕ ಮುಂದೆ, ಗಾಳಿ ಹಿಡಿಯುವ ಗರಿ ಹಿಂದೆ ಇದ್ದರೆ ಮಾತ್ರ ಈಟಿ ತಲೆ ಮುಂದಾಗಿ ಹೋಗುತ್ತದೆ. ಇಲ್ಲದಿದ್ದರೆ ಅಡ್ಡಡ್ಡ ತಿರುಗಿ ಬೀಳುತ್ತದೆ.

ಈಗ ಮುಖ್ಯವಾದ ವಿಷಯ. ತಕ್ಕಡಿಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಈಟಿಯನ್ನು ನೆಟ್ಟಗೆ ನಿಲ್ಲಿಸಿ. ಮೇಲಿನಿಂದ ಅಂಗೈಯಲ್ಲಿ ನಿಧಾನವಾಗಿ ಒತ್ತಿ. ಒಂದು ಹಂತದಲ್ಲಿ ಈಟಿ ಬಿಲ್ಲಿನಂತೆ ಬಾಗುತ್ತದೆ. ಆಗ ತಕ್ಕಡಿ ಎಷ್ಟು ತೋರಿಸುತ್ತದೆ ನೋಡಿ. 3ರಿಂದ 4 ಕಿಲೋ ಇದ್ದರೆ ಒಳ್ಳೆಯ ಶುರು. ಏಳೆಂಟು ಕಿಲೋ ಒತ್ತಿದರೂ ಬಾಗದಿದ್ದರೆ ತುಂಬಾ ಬಿರುಸು. ಒಂದೂವರೆ ಕಿಲೋಗೇ ಬಾಗಿದರೆ ತುಂಬಾ ಮೆತ್ತಗೆ. ಬಿರುಸಾದ ಬಿದಿರನ್ನು ಹೆರೆಯುವಾಗ ಅವಸರ ಬೇಡ. ದಪ್ಪ ಬರೀ ಹತ್ತನೇ ಒಂದು ಭಾಗ ಕಡಿಮೆಯಾದರೂ ಬಿರುಸು ಮೂರನೇ ಒಂದು ಭಾಗ ಇಳಿಯುತ್ತದೆ.

ಈಟಿ ಯಾಕೆ ಬಾಗಬೇಕು? ಕೋಲು ತಿರುಗುವಾಗ ಕೊಕ್ಕೆ ನೇರ ಗೆರೆಯಲ್ಲಿ ಹೋಗುವುದಿಲ್ಲ. ಕಮಾನಿನಂತೆ ಮೇಲಕ್ಕೆದ್ದು ಮುಂದೆ ಬಂದು ಕೆಳಗಿಳಿಯುತ್ತದೆ. ಈಟಿಯ ಬಾಲ ಅದರ ಜೊತೆಗೇ ಮೇಲೇಳಬೇಕು. ಈಟಿ ಕಬ್ಬಿಣದ ಸರಳಿನಂತಿದ್ದರೆ ಬಾಲ ಮೇಲೆದ್ದಾಗ ತಲೆ ಕೆಳಗಿಳಿಯುತ್ತದೆ, ಗುರಿ ತಪ್ಪುತ್ತದೆ. ಬಾಗುವ ಈಟಿಯಲ್ಲಿ ಬಾಲ ತನ್ನ ಪಾಡಿಗೆ ಕಮಾನಿನ ದಾರಿ ಹಿಡಿಯುತ್ತದೆ, ತಲೆ ಗುರಿಯ ಕಡೆಗೇ ನೋಡುತ್ತಿರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಓಡಾಡುತ್ತದೆ: ಈಟಿ ಸ್ಪ್ರಿಂಗಿನಂತೆ ಬಾಗಿ, ಮತ್ತೆ ನೆಟ್ಟಗಾಗುವಾಗ ಕೊಕ್ಕೆಯನ್ನು ಒದ್ದು ಹಾರುತ್ತದೆ, ವೇಗ ಬರುವುದು ಅದರಿಂದಲೇ ಅಂತ. ಕೇಳಲು ಚೆನ್ನಾಗಿದೆ. ಆದರೆ ಸ್ಲೋಮೋಷನ್‌ನಲ್ಲಿ ನೋಡಿ. ಕೊಕ್ಕೆ ಬಿಡುವಾಗ ಈಟಿ ಇನ್ನೂ ಬಾಗಿಯೇ ಇರುತ್ತದೆ. ಆಮೇಲೆ ಗಾಳಿಯಲ್ಲಿ ಮೀನಿನ ಹಾಗೆ ಬಳುಕುತ್ತಾ ಹೋಗುತ್ತದೆ. ಬಾಗಿದ್ದರಲ್ಲಿ ಸೇರಿದ್ದ ಶಕ್ತಿಯ ಬಹುಪಾಲು ಆ ಬಳುಕಿನಲ್ಲೇ ಹೋಯಿತು, ತಳ್ಳುವುದಕ್ಕೆ ಬರಲಿಲ್ಲ. ಬಾಗುವುದು ಗುರಿಗಾಗಿ, ವೇಗಕ್ಕಲ್ಲ.

ಹಂತ 4: ಎಸೆಯುವ ರೀತಿ

ಹಿಡಿಯನ್ನು ಸುತ್ತಿಗೆಯ ಹಾಗೆ ಹಿಡಿಯಿರಿ. ಹೆಬ್ಬೆರಳು, ತೋರುಬೆರಳು ಮಾತ್ರ ಈಟಿಯನ್ನು ಹಗುರವಾಗಿ ಕೋಲಿಗೆ ಒತ್ತಿ ಹಿಡಿಯಲಿ. ಬಲಗೈಯವರು ಎಡಗಾಲು ಮುಂದಿಡಿ. ಕೈ ಕಿವಿಯ ಪಕ್ಕ, ಈಟಿ ನೆಲಕ್ಕೆ ಸಮ. ಮೊದಲು ಹೆಜ್ಜೆ, ಆಮೇಲೆ ಸೊಂಟ, ಆಮೇಲೆ ಭುಜ, ಮೊಣಕೈ, ಕೊನೆಗೆ ಮಣಿಕಟ್ಟು. ಮಣಿಕಟ್ಟು ತಿರುಗಲು ಶುರುವಾದಾಗ ಬೆರಳು ತಾನಾಗಿಯೇ ಸಡಿಲವಾಗುತ್ತದೆ.

ಹೊಸಬರು ಮಾಡುವ ತಪ್ಪು ಎರಡು. ಒಂದು, ಬೆರಳಲ್ಲಿ ಬಿಗಿಯಾಗಿ ಹಿಡಿದುಕೊಳ್ಳುವುದು. ಕೊಕ್ಕೆ ತಳ್ಳುತ್ತಿರುವಾಗ ಬೆರಳು ತಡೆಯುತ್ತದೆ, ಈಟಿ ಅಡ್ಡಾದಿಡ್ಡಿ ಹೋಗುತ್ತದೆ. ಇನ್ನೊಂದು, ಮೊದಲಿನಿಂದಲೇ ಮಣಿಕಟ್ಟು ಬೀಸಿ ಕೊಡಲಿ ಹೊಡೆದ ಹಾಗೆ ಎಸೆಯುವುದು. ಆಗ ಕೊಕ್ಕೆ ಬೇಗನೇ ಕೆಳಗಿಳಿಯುತ್ತದೆ, ಈಟಿ ಮೂಗು ಮುಂದಾಗಿ ನೆಲಕ್ಕೆ ಬೀಳುತ್ತದೆ. ಮೊದಲು ಅರ್ಧ ಬಲದಲ್ಲಿ ಇಪ್ಪತ್ತು ಮೂವತ್ತು ಸಲ ಎಸೆಯಿರಿ. ಈಟಿ ಸದ್ದಿಲ್ಲದೆ ಹೊರಟರೆ ಸರಿ ಹೋಯಿತು. ಕೋಲಿಗೆ ಬಡಿದ ಸದ್ದು ಬಂದರೆ ಬೆರಳು ಇನ್ನೂ ಬಿಟ್ಟಿಲ್ಲ ಅಂತ ಅರ್ಥ.

ಹಂತ 5: ವೇಗ ಅಳೆಯಿರಿ

ಅಳತೆಪಟ್ಟಿ ಬೇರೆ ಬೇಡ, ಈಟಿಯೇ ಅಳತೆಪಟ್ಟಿ. ಮೊಬೈಲನ್ನು ಎಸೆಯುವ ದಾರಿಗೆ ಅಡ್ಡಲಾಗಿ, ಎಂಟು ಹತ್ತು ಮೀಟರ್ ದೂರದಲ್ಲಿ ನಿಲ್ಲಿಸಿ. ಸ್ಲೋಮೋಷನ್ ಅನ್ನು ಸೆಕೆಂಡಿಗೆ 240 ಫ್ರೇಮಿಗೆ ಇಡಿ. ಒಳ್ಳೆ ಬಿಸಿಲಿರಲಿ, ಇಲ್ಲದಿದ್ದರೆ ಈಟಿ ಮಸುಕಾಗಿ ಕಾಣುತ್ತದೆ. ವಿಡಿಯೋವನ್ನು ಕಂಪ್ಯೂಟರಿಗೆ ಹಾಕಿ VLCಯಲ್ಲಿ ತೆರೆಯಿರಿ. `E` ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ.

ಈಟಿ ಕೋಲು ಬಿಟ್ಟ ಮೇಲೆ, ಪರದೆಯ ಮೇಲೆ ಒಂದು ಗುರುತು ಇಟ್ಟುಕೊಳ್ಳಿ. ಈಟಿಯ ತಲೆ ಅಲ್ಲಿಗೆ ಬಂದಾಗಿನಿಂದ ಬಾಲ ಅಲ್ಲಿಗೆ ಬರುವವರೆಗೆ ಎಷ್ಟು ಫ್ರೇಮ್ ಅಂತ ಎಣಿಸಿ. ಅಷ್ಟರಲ್ಲಿ ಈಟಿ ತನ್ನದೇ ಉದ್ದದಷ್ಟು ದೂರ ಹೋಗಿರುತ್ತದೆ.

```
ವೇಗ = ಈಟಿಯ ಉದ್ದ × 240 ÷ ಫ್ರೇಮ್ ಸಂಖ್ಯೆ
```

ಒಂದು ಉದಾಹರಣೆ ನೋಡೋಣ. ಅದೇ 1.8 ಮೀಟರ್ ಈಟಿಯನ್ನು ಬರಿಗೈಯಲ್ಲಿ ಎಸೆದಾಗ 29 ಫ್ರೇಮ್ ಬಂತು ಅಂದುಕೊಳ್ಳಿ. 1.8 × 240 ÷ 29, ಅಂದರೆ ಸೆಕೆಂಡಿಗೆ ಸುಮಾರು 15 ಮೀಟರ್. ಕೋಲಿನಿಂದ ಎಸೆದಾಗ 20 ಫ್ರೇಮ್ ಬಂದರೆ ಸುಮಾರು 22 ಮೀಟರ್. ಅಭ್ಯಾಸ ಇರುವವರ ವೇಗ ಈ ಆಸುಪಾಸಿನಲ್ಲೇ ಇರುತ್ತದೆ.

ಎಚ್ಚರಿಕೆ: ಕೆಲವು ಮೊಬೈಲ್‌ಗಳು 240 ಅಂತ ತೋರಿಸಿ, ನಿಜವಾಗಿ ಕಡಿಮೆ ಫ್ರೇಮ್ ಹಿಡಿದು ನಡುವಿನದ್ದನ್ನು ತಾವೇ ತುಂಬುತ್ತವೆ. ಪರೀಕ್ಷೆಗೆ ಒಂದು ಕಲ್ಲನ್ನು 1.25 ಮೀಟರ್ ಎತ್ತರದಿಂದ ಕೈಬಿಟ್ಟು ವಿಡಿಯೋ ಮಾಡಿ. ನೆಲ ಮುಟ್ಟಲು ಸುಮಾರು ಅರ್ಧ ಸೆಕೆಂಡ್, ಅಂದರೆ 121 ಫ್ರೇಮ್ ಆಗಬೇಕು. ತೀರಾ ಬೇರೆ ಬಂದರೆ ನಿಮ್ಮ ಮೊಬೈಲಿನ ನಿಜವಾದ ಸಂಖ್ಯೆ ಹಾಕಿ ಲೆಕ್ಕ ಮಾಡಿ. ಎಣಿಕೆ ಸರಿಯಿದ್ದು, ಅಕ್ಕಪಕ್ಕದ ಫ್ರೇಮ್‌ಗಳು ಒಂದರ ಮೇಲೊಂದು ಇಟ್ಟಂತೆ ಮಸುಕಾಗಿ ಕಂಡರೆ ಅವು ತುಂಬಿದ ಫ್ರೇಮ್‌ಗಳು.

ಹಂತ 6: ಆ 7 ಮೀಟರ್ ಎಲ್ಲಿಂದ ಬಂತು?

ಈಗ ವಿಡಿಯೋವನ್ನು ಮತ್ತೆ ನಿಧಾನವಾಗಿ ನೋಡಿ. ಈ ಸಲ ಈಟಿ ಬಿಟ್ಟು ಅಂಗೈಯನ್ನು ಗಮನಿಸಿ. ಈಟಿ ಹೊರಡುವ ಹೊತ್ತಿಗೆ ಅಂಗೈ ನಿಧಾನವಾಗುತ್ತಿರುತ್ತದೆ, ಕೊಕ್ಕೆಯ ತುದಿ ಮಾತ್ರ ಶರವೇಗದಲ್ಲಿರುತ್ತದೆ. ಚಾಟಿ ಬೀಸಿದಾಗಲೂ ಹೀಗೇ. ಕೈ ನಿಂತಾಗ ತುದಿ ಓಡುತ್ತದೆ.

ಕೊಕ್ಕೆಯ ವೇಗದಲ್ಲಿ ಎರಡು ಪಾಲು ಇವೆ. ಒಂದು, ಅಂಗೈ ಮುಂದೆ ಹೋಗುತ್ತಿರುವ ವೇಗ. ಇನ್ನೊಂದು, ಕೋಲು ತಿರುಗುವುದರಿಂದ ಬರುವ ವೇಗ. ಅಂಗೈ ಆ ಕ್ಷಣದಲ್ಲಿ ಸೆಕೆಂಡಿಗೆ 10 ಮೀಟರ್‌ನಲ್ಲಿ ಇದೆ ಅನ್ನಿ. ಕೋಲು ಸೆಕೆಂಡಿಗೆ ನಾಲ್ಕು ಸುತ್ತು ಹಾಕುವ ರಭಸದಲ್ಲಿ ತಿರುಗುತ್ತಿದೆ ಅನ್ನಿ. ಅರ್ಧ ಮೀಟರ್ ಕೋಲಿನ ತುದಿ ಒಂದು ಪೂರ್ತಿ ಸುತ್ತಿಗೆ 3 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ. ನಾಲ್ಕು ಸುತ್ತಿಗೆ ಹನ್ನೆರಡೂವರೆ ಮೀಟರ್. ಎರಡೂ ಕೂಡಿಸಿದರೆ 22 ದಾಟಿತು. ನಿಜವಾಗಿ ಕೋಲು ಕಾಲು ಸುತ್ತು ಮಾತ್ರ ತಿರುಗುತ್ತದೆ, ರಭಸ ಮಾತ್ರ ಅಷ್ಟು.

ಶಕ್ತಿಯ ಲೆಕ್ಕವನ್ನೂ ನೋಡಿಬಿಡಿ. ಈಟಿ 100 ಗ್ರಾಂ ಇದ್ದರೆ, ಬರಿಗೈ ಎಸೆತದಲ್ಲಿ ಅದು ಹೊತ್ತೊಯ್ದ ಶಕ್ತಿ 11 ಜೌಲ್. ಕೋಲಿನ ಎಸೆತದಲ್ಲಿ 24 ಜೌಲ್. ಜೌಲ್ ಅಂದರೆ 100 ಗ್ರಾಂ ವಸ್ತುವನ್ನು ಒಂದು ಮೀಟರ್ ಎತ್ತಲು ಬೇಕಾಗುವಷ್ಟು ಶಕ್ತಿ. ಹೆಚ್ಚಿನ 13 ಜೌಲ್ ಎಲ್ಲಿತ್ತು? ನಿಮ್ಮ ತೋಳಿನಲ್ಲೇ ಇತ್ತು. ಬರಿಗೈಯಲ್ಲಿ ಎಸೆದಾಗ ಭುಜ ತಡೆದು ನಿಲ್ಲಿಸುತ್ತಿದ್ದ ಶಕ್ತಿ ಅದು. ಕೋಲು ಈಟಿಯನ್ನು ಇನ್ನಷ್ಟು ಹೊತ್ತು, ಇನ್ನಷ್ಟು ದೂರ ತಳ್ಳಿದ್ದರಿಂದ ಅದು ಈಟಿಗೆ ಸೇರಿತು.

ಒಂದು ಮಾತು. ಅರ್ಧ ಕಿಲೋ ತೂಕದ ದಪ್ಪ ಭರ್ಜಿಯನ್ನು ಬರಿಗೈಯಲ್ಲಿ ಅದೇ 15 ಮೀಟರ್ ವೇಗದಲ್ಲಿ ಎಸೆದರೆ 56 ಜೌಲ್. ಎಸೆಗೋಲಿನ ಈಟಿಗಿಂತ ಎರಡು ಪಟ್ಟಿಗೂ ಜಾಸ್ತಿ! ಹಾಗಾಗಿ ಅಟ್ಲಾಟ್ಲ್ ಎಲ್ಲ ಭರ್ಜಿಗಿಂತ "ಬಲಶಾಲಿ" ಅನ್ನುವುದು ತಪ್ಪು. ಅದು ಹಗುರ ಈಟಿಗೆ ಹೊಂದುವ ಗೇರ್, ಅಷ್ಟೇ. ಭಾರವಾದ ಭರ್ಜಿಯನ್ನು ಅದಕ್ಕೆ ಸಿಕ್ಕಿಸಿದರೆ ಮಣಿಕಟ್ಟು ಸೋಲುತ್ತದೆ.

ನಮ್ಮ ಹೊಲಗಳಲ್ಲಿ ಹಕ್ಕಿ ಓಡಿಸುವ ಕವಣೆಯೂ ಇದೇ ಸೂತ್ರ. ಅಲ್ಲಿ ತೋಳನ್ನು ಉದ್ದ ಮಾಡುವುದು ಹಗ್ಗ, ಇಲ್ಲಿ ಕೋಲು. ಆದರೆ ಉದ್ದನೆಯ ಈಟಿಯನ್ನು ಕವಣೆಯಲ್ಲಿ ಸುತ್ತಿಸಲು ಆಗುವುದಿಲ್ಲ.

ಹಂತ 7: ದೂರದ ಲೆಕ್ಕ, ಬೇಟೆಗಾರನ ಲೆಕ್ಕ

ಗಾಳಿಯ ತಡೆ ಬಿಟ್ಟು ನೋಡಿದರೆ, ಎಸೆತದ ದೂರ ವೇಗದ ವರ್ಗದ ಹಾಗೆ ಏರುತ್ತದೆ. 45 ಡಿಗ್ರಿಯಲ್ಲಿ ಎಸೆದಾಗ 15 ಮೀಟರ್ ವೇಗಕ್ಕೆ 23 ಮೀಟರ್ ದೂರ, 22ಕ್ಕೆ 49 ಮೀಟರ್. ವೇಗ ಒಂದೂವರೆ ಪಟ್ಟು, ದೂರ ಎರಡು ಪಟ್ಟಿಗಿಂತ ಜಾಸ್ತಿ. ಬಯಲಲ್ಲಿ ಗಾಳಿ ಸ್ವಲ್ಪ ತಿನ್ನುತ್ತದೆ. ದೂರಕ್ಕಾಗಿಯೇ ಎಸೆದ ದಾಖಲೆ ಕೇಳಿದರೆ ಬೆಚ್ಚಿಬೀಳುತ್ತೀರಿ. 1995ರ ಜುಲೈ 15ರಂದು ಅಮೆರಿಕದ ಕೊಲರಾಡೋದ ಅರೋರಾದಲ್ಲಿ ಡೇವಿಡ್ ಎಂಗ್ವಾಲ್ 258.63 ಮೀಟರ್ ಎಸೆದರು. ಬರಿಗೈ ಜಾವೆಲಿನ್ ದಾಖಲೆ 98.48 ಮೀಟರ್. ಆದರೆ ಜಾವೆಲಿನ್ 800 ಗ್ರಾಂ ಇರುತ್ತದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನನ್ನ ಪ್ರಕಾರ ಬೇಟೆಗಾರನಿಗೆ ಈ ದೊಡ್ಡ ಸಂಖ್ಯೆಗಳಿಂದ ಏನೂ ಆಗಬೇಕಿಲ್ಲ. 258 ಮೀಟರ್ ಆಚೆಯ ಸಾರಂಗಕ್ಕೆ ಯಾರು ಗುರಿ ಇಡುತ್ತಾರೆ? 20 ಮೀಟರ್ ದೂರದಲ್ಲಿ ನಿಂತ ಪ್ರಾಣಿಯ ಲೆಕ್ಕ ಹಾಕಿ.

15 ಮೀಟರ್ ವೇಗದ ಈಟಿಯನ್ನು 20 ಮೀಟರ್‌ಗೆ ತಲುಪಿಸಲು ಸುಮಾರು 30 ಡಿಗ್ರಿ ಮೇಲಕ್ಕೆ ಎಸೆಯಬೇಕು. ಅದು ಸುಮಾರು 3 ಮೀಟರ್ ಮೇಲೇರಿ, ಒಂದೂವರೆ ಸೆಕೆಂಡಿನ ನಂತರ ಮೇಲಿನಿಂದ ಇಳಿಯುತ್ತದೆ. ದೂರವನ್ನು ಕಣ್ಣಂದಾಜಿನಲ್ಲಿ ಎರಡು ಮೀಟರ್ ತಪ್ಪಿದರೂ ಈಟಿ ಬೆನ್ನ ಮೇಲೆ ಹಾದುಹೋಗುತ್ತದೆ ಅಥವಾ ಕಾಲ ಬಳಿ ಬೀಳುತ್ತದೆ. ಅದೇ 22 ಮೀಟರ್ ವೇಗಕ್ಕೆ 12 ಡಿಗ್ರಿ ಸಾಕು. ಏರುವುದು ಬರೀ ಒಂದು ಮೀಟರ್. ತಲುಪಲು ಒಂದು ಸೆಕೆಂಡೂ ಬೇಡ. ದಾರಿ ಚಪ್ಪಟೆ ಇರುವುದರಿಂದ ದೂರದ ಅಂದಾಜು ಸ್ವಲ್ಪ ತಪ್ಪಿದರೂ ಮೈಗೆ ತಾಗುತ್ತದೆ. ಬೆಚ್ಚಿ ಜಿಗಿಯಲು ಪ್ರಾಣಿಗೆ ಸಿಗುವ ಸಮಯವೂ ಅರ್ಧ ಸೆಕೆಂಡಿಗಿಂತ ಜಾಸ್ತಿಯೇ ಕಡಿಮೆಯಾಯಿತು.

ಇದನ್ನೂ ಪರೀಕ್ಷಿಸಿ. 20 ಮೀಟರ್ ದೂರದಲ್ಲಿ ಹುಲ್ಲಿನ ಹೊರೆ ನಿಲ್ಲಿಸಿ, ಹತ್ತು ಸಲ ಬರಿಗೈಯಲ್ಲಿ, ಹತ್ತು ಸಲ ಕೋಲಿನಲ್ಲಿ ಎಸೆಯಿರಿ. ಆಮೇಲೆ ಹೊರೆಯನ್ನು ಎರಡು ಮೀಟರ್ ಹಿಂದಕ್ಕೆ ಸರಿಸಿ, ಎಸೆತದ ಕೋನ ಬದಲಿಸದೆ ಮತ್ತೆ ಎಸೆಯಿರಿ. ಎರಡರಲ್ಲಿ ಯಾವುದು ಹೆಚ್ಚು ತಪ್ಪುತ್ತದೆ, ಬರೆದಿಟ್ಟುಕೊಳ್ಳಿ. ಮೊದಲ ವಾರದ ಲೆಕ್ಕ ಹಿಡಿಯಬೇಡಿ. ಆಗ ತಪ್ಪುವುದೆಲ್ಲ ನಿಮ್ಮ ಬೆರಳಿನಿಂದ, ಕೋಲಿನಿಂದಲ್ಲ.

ಎಸೆಯುತ್ತಾ ಹೋದಂತೆ ಈ ಸಾಧನದ ಕೊರತೆಯೂ ನಿಮಗೇ ಕಾಣುತ್ತದೆ. ನಿಲ್ಲಬೇಕು, ಹೆಜ್ಜೆ ಹಾಕಬೇಕು, ಇಡೀ ಮೈ ಬೀಸಬೇಕು. ಪೊದೆಯ ಹಿಂದೆ ಕೂತು ಎಸೆಯಲಾಗುವುದಿಲ್ಲ. ಬಿಲ್ಲಿಗೆ ಇದ್ಯಾವುದೂ ಬೇಡ. ಕೆನಡಾದ ಯೂಕಾನ್‌ನಲ್ಲಿ ಬೆಟ್ಟದ ಮೇಲಿನ ಹಳೆಯ ಮಂಜುಗಡ್ಡೆ ಕರಗಿದಾಗ ಬೇಟೆಗಾರರ ಈಟಿಗಳು ಮರ, ಗರಿ ಸಮೇತ ಸಿಕ್ಕಿವೆ. ಸಾವಿರಾರು ವರ್ಷ ಅಲ್ಲಿ ಸಿಗುವುದು ಎಸೆಗೋಲಿನ ಈಟಿಗಳೇ. ಸುಮಾರು 1,200 ವರ್ಷಗಳ ಹಿಂದಿನಿಂದ ಈಚೆಗೆ ಬಿಲ್ಲಿನ ಬಾಣಗಳು.